ಬಯಕೆಗಳ ಪಟ್ಟಿಯನ್ನು ಬ್ರೀಫ್ ಮಾಡುವುದು ಹೇಗೆ: ಒಂದು ಗಾಣದೆಣ್ಣೆಯ ಕತೆ

ಬಸವನಗುಡಿಯಲ್ಲಿ ಅಂಗಡಿ ಇಟ್ಟುಕೊಂಡು ಮರದ ಗಾಣದ ಕಡಲೆಕಾಯಿ ಎಣ್ಣೆ ಮಾರುವ ಒಂದು ಸಣ್ಣ ಕಂಪನಿ. ಅವರ ಜಾಹೀರಾತಿಗೆಂದು ನಮ್ಮ ಏಜೆನ್ಸಿಯ ಟೇಬಲ್ಲಿಗೆ ಬಂದ ಬ್ರೀಫ್ ಇದು, ಅಂದರೆ ಜಾಹೀರಾತು ಹೇಗಿರಬೇಕು ಎಂದು ಕ್ಲೈಂಟ್ ಬರೆದುಕೊಟ್ಟ ಹಾಳೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಸಾಲುಗಳು ಹೆಚ್ಚುಕಡಿಮೆ ಇದ್ದ ಹಾಗೇ ಇವೆ.

1. ಬ್ರ್ಯಾಂಡ್ ಪ್ರೀಮಿಯಂ ಅನ್ನಿಸಬೇಕು, ಆದರೆ ಎಲ್ಲರ ಕೈಗೆ ಎಟುಕುತ್ತದೆ ಅನ್ನುವುದೂ ಬರಬೇಕು.
2. ಯುವಜನರಿಗೂ ಹಿಡಿಸಬೇಕು, ಹಿರಿಯರಿಗೂ ಹಿಡಿಸಬೇಕು.
3. ಪರಂಪರೆ ಕಾಣಬೇಕು, ಹಳೇ ಕಾಲದ್ದು ಅನ್ನಿಸಬಾರದು.
4. ಹೃದಯಕ್ಕೆ ಒಳ್ಳೆಯದು ಅಂತ ಹೇಳಬೇಕು.
5. ವಿಡಿಯೊ ವೈರಲ್ ಆಗಬೇಕು.
6. ರಿಫೈನ್ಡ್ ಎಣ್ಣೆಗಿಂತ ಬೇರೆ ಅಂತ ಗೊತ್ತಾಗಬೇಕು.
7. ಜನಕ್ಕೆ ನಮ್ಮ ಎಣ್ಣೆ ಮೇಲೆ ನಂಬಿಕೆ ಬರಬೇಕು.
8. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೇಕು.
9. ಹಬ್ಬದೊಳಗೆ ಮುಗಿಯಬೇಕು.

ಇದರಲ್ಲಿ ಸುಳ್ಳು ಒಂದೂ ಇಲ್ಲ, ಕೆಟ್ಟ ಬಯಕೆಯೂ ಇಲ್ಲ. ಆದರೆ ಯಾರಿಗೆ ಹೇಳಬೇಕು, ಏನೊಂದನ್ನು ಹೇಳಬೇಕು, ಎಷ್ಟರೊಳಗೆ ಹೇಳಬೇಕು ಎಂಬ ಮೂರೂ ಇಲ್ಲ. ಈ ಹಾಳೆಯನ್ನು ಹೀಗೇ ಜಾಹೀರಾತಿನ ಸಾಲು ಬರೆಯುವ ಕಾಪಿರೈಟರ್ ಕೈಗೆ ಕೊಟ್ಟರೆ ಆಗುವುದು ಇಷ್ಟೆ: ಅವರು ಒಂಬತ್ತರಲ್ಲಿ ತಮಗೆ ಹಿಡಿಸಿದ ಎರಡನ್ನು ಆರಿಸಿಕೊಂಡು ಬರೆಯುತ್ತಾರೆ, ಕ್ಲೈಂಟ್ ಉಳಿದ ಏಳನ್ನು ಹಿಡಿದು ತಿದ್ದಿಸುತ್ತಾರೆ, ನಾಲ್ಕನೇ ಸಲ ತಿದ್ದುವ ಹೊತ್ತಿಗೆ ಎಲ್ಲರಿಗೂ ಸಾಕುಸಾಕಾಗಿರುತ್ತದೆ.

ಇಂಥ ಬ್ರೀಫ್ ಕಂಡಾಗ ಸಾಮಾನ್ಯವಾಗಿ ಮಾಡುವ ತಪ್ಪು ಒಂದಿದೆ. ‘ಆಡಿಯನ್ಸ್’, ‘ಮೆಸೇಜ್’, ‘ಮಿತಿಗಳು’ ಎಂದು ಮೂರು ತಲೆಬರಹ ಹಾಕಿ, ಕೂತಲ್ಲೇ ತುಂಬಿಸಿಬಿಡುವುದು. ‘25ರಿಂದ 45 ವರ್ಷದ, ಆರೋಗ್ಯದ ಬಗ್ಗೆ ಕಾಳಜಿಯುಳ್ಳ ನಗರವಾಸಿಗಳು’ ಎಂದು ಬರೆದರೆ ಖಾಲಿ ಜಾಗ ತುಂಬುತ್ತದೆ, ಬ್ರೀಫ್ ಮಾತ್ರ ಒಂದಿಂಚೂ ಮುಂದೆ ಹೋಗಿರುವುದಿಲ್ಲ. ಬೆಂಗಳೂರಲ್ಲಿ ಅಂಥವರು ಲಕ್ಷಗಟ್ಟಲೆ ಇದ್ದಾರೆ, ಅವರಲ್ಲಿ ಒಬ್ಬರ ಮುಖವೂ ಬರೆಯುವವರ ಕಣ್ಣ ಮುಂದೆ ಬರುವುದಿಲ್ಲ. ನಾನು ಮಾಡುವ ಕ್ರಮ ಬೇರೆ. ಕಾಣೆಯಾಗಿರುವ ಮೂರೂ ಆ ಬಯಕೆಗಳ ಒಳಗೇ ಎಲ್ಲೋ ಇರುತ್ತವೆ ಎಂದುಕೊಂಡು ಹುಡುಕಲು ಶುರುಮಾಡುತ್ತೇನೆ.

ಮೊದಲು: ಪ್ರತಿ ಸಾಲಿನ ಹಿಂದೆ ಏನು ನಡೆದಿತ್ತು?

ಹಾಳೆಯನ್ನು ಪ್ರಿಂಟ್ ತೆಗೆದುಕೊಳ್ಳಿ. ಭಾಷೆ ತಿದ್ದಲು ಹೋಗಬೇಡಿ, ಅಕ್ಷರದ ತಪ್ಪನ್ನೂ ಮುಟ್ಟಬೇಡಿ. ಪ್ರತಿ ಸಾಲಿನ ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆಯಿರಿ: ಇದನ್ನು ಬರೆಯುವಾಗ ಅವರ ಮನಸ್ಸಿನಲ್ಲಿ ಯಾವ ಘಟನೆ ಇತ್ತು?

ಕೆಲವು ಸಾಲುಗಳಿಗೆ ಘಟನೆ ಇರುವುದೇ ಇಲ್ಲ. ವೈರಲ್ ಆಗಬೇಕು, ಪ್ರೀಮಿಯಂ ಅನ್ನಿಸಬೇಕು ಎನ್ನುವುದು ಎಲ್ಲ ಬ್ರೀಫುಗಳಲ್ಲೂ ಇರುತ್ತದೆ. ಇನ್ನೊಬ್ಬರ ಬ್ರೀಫಿನಿಂದ ಎತ್ತಿಕೊಂಡು ಬಂದ ಮಾತು ಅದು. ಅದಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಸೊನ್ನೆ ಹಾಕಿ. ಇನ್ನು ಕೆಲವು ಸಾಲುಗಳು ಯಾವುದೋ ನೋವಿನಿಂದ ಬಂದಿರುತ್ತವೆ. ಈ ಪಟ್ಟಿಯಲ್ಲಿ ನನ್ನ ಕಣ್ಣು ಹೋಗಿ ನಿಂತದ್ದು 7ನೆಯ ಸಾಲಿನ ಮೇಲೆ. ‘ನಂಬಿಕೆ ಬರಬೇಕು’ ಎಂದು ಯಾರೂ ಸುಮ್ಮನೆ ಬರೆಯುವುದಿಲ್ಲ. ಯಾರೋ ನಂಬದೇ ಹೋಗಿರಬೇಕು.

ಈಗ ಕ್ಲೈಂಟ್ ಜೊತೆ ಮಾತಾಡಬೇಕು. ‘ನಿಮ್ಮ ಟಾರ್ಗೆಟ್ ಆಡಿಯನ್ಸ್ ಯಾರು?’ ಎಂದು ಕೇಳಬೇಡಿ. ನಾನು ಹಿಂದೆ ಹಾಗೆ ಕೇಳಿ ಕೇಳಿ ಒಂದೇ ಉತ್ತರ ಪಡೆದಿದ್ದೇನೆ. ಈ ಸಲವೂ ಕ್ಲೈಂಟುಗಳ ಜೊತೆ ವ್ಯವಹರಿಸುವ ನಮ್ಮ ಅಕೌಂಟ್ಸಿನ ಹುಡುಗ ಫೋನಿನಲ್ಲಿ ಕೇಳಿದ್ದ, ಅಂಗಡಿಯ ಯಜಮಾನರು ಹೇಳಿದ್ದು ಅದನ್ನೇ: “ಎಣ್ಣೆ ಹಾಕದೆ ಒಗ್ಗರಣೆ ಹಾಕೋರು ಯಾರಿದಾರಪ್ಪ? ನಮ್ದು ಎಲ್ಲರಿಗೂ.”

ಅವರ ಮಾತಿನಲ್ಲಿ ತಪ್ಪಿಲ್ಲ. ಕೇಳಿದ ರೀತಿಯೇ ಸರಿ ಇರಲಿಲ್ಲ. ಆದ್ದರಿಂದ ಅಂಗಡಿಗೇ ಹೋದೆವು. ಬೆಳಿಗ್ಗೆ ವ್ಯಾಪಾರದ ಹೊತ್ತು, ಯಜಮಾನರು ಗಲ್ಲಾದಲ್ಲಿದ್ದರು, ಮಗಳು ವಾಟ್ಸಾಪ್ ಆರ್ಡರುಗಳನ್ನು ಪುಸ್ತಕಕ್ಕೆ ಏರಿಸುತ್ತಿದ್ದರು. ನಾನು ಕೇಳಿದ್ದು, “ಸರ್, ಇತ್ತೀಚೆಗೆ ಬಾಟ್ಲು ವಾಪಸ್ ತಂದವರು ಯಾರಾದ್ರೂ ಇದಾರಾ?”

ಅವರು ಒಂದು ಕ್ಷಣ ಸುಮ್ಮನಾದರು. ಮಗಳೇ ಹೇಳಿದರು. “ಹೋದ ವಾರ ಒಬ್ರು ಮೇಡಂ ಬಂದಿದ್ರು ಸರ್. ಬಾಟ್ಲು ಕೌಂಟರ್ ಮೇಲಿಟ್ಟು, ‘ಇದೇನ್ರೀ ತಳದಲ್ಲಿ ಮಡ್ಡಿ, ಏನ್ ಬೆರೆಸಿದೀರ’ ಅಂದ್ರು. ಅಪ್ಪಂಗೆ ಎರಡು ದಿನ ಊಟ ಸೇರ್ಲಿಲ್ಲ.”

7ನೆಯ ಸಾಲಿನ ಹಿಂದೆ ಇದ್ದದ್ದು ಇದು. ಬ್ರೀಫಿನಲ್ಲಿ ‘ನಂಬಿಕೆ’ ಎಂಬ ಒಂದು ಪದವಾಗಿ ಕುಳಿತಿದ್ದದ್ದು ಕೌಂಟರ್ ಮೇಲಿಟ್ಟ ಒಂದು ಬಾಟಲಿ.

ಎಣ್ಣೆಯ ಬಗ್ಗೆ ಒಂದು ಮಾತು ಇಲ್ಲಿ ಗೊತ್ತಿರಬೇಕು. ಗಾಣದಲ್ಲಿ ಕಡಲೆಕಾಯಿ ಬೀಜ ಅರೆದಾಗ ಎಣ್ಣೆಯ ಜೊತೆ ಬೀಜದ ನುಣ್ಣನೆ ಪುಡಿಯೂ ಬರುತ್ತದೆ. ಎಣ್ಣೆಯನ್ನು ಡ್ರಮ್ಮಿನಲ್ಲಿ ನಾಲ್ಕು ದಿನ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬುತ್ತಾರೆ. ಹಾಗೆ ಮಾಡಿದರೂ ಅತಿ ನುಣುಪಾದ ಪುಡಿ ಸ್ವಲ್ಪ ಉಳಿದು, ಅಡುಗೆಮನೆಯಲ್ಲಿ ಕೆಲವು ದಿನ ನಿಂತ ಮೇಲೆ ತಳಕ್ಕೆ ಇಳಿಯುತ್ತದೆ. ಬಾಟಲಿ ಅಲ್ಲಾಡಿಸಿ ಬಾಣಲೆಗೆ ಸುರಿದರೆ ಆ ಪುಡಿ ಸೀದು, ಎಣ್ಣೆ ಬೇಗ ಕಪ್ಪಾಗುತ್ತದೆ. ರಿಫೈನ್ಡ್ ಎಣ್ಣೆ ಮಾತ್ರ ಬಳಸಿ ಗೊತ್ತಿರುವವರಿಗೆ ಇದು ಕಲಬೆರಕೆಯ ಹಾಗೆ ಕಂಡರೆ ಆಶ್ಚರ್ಯವಿಲ್ಲ.

ಒಂದು ದೂರನ್ನೇ ನಂಬಿ ಕೂರಬಾರದು

ಒಬ್ಬ ಗಿರಾಕಿಯ ಸಿಟ್ಟಿನ ಮೇಲೆ ಇಡೀ ಬ್ರೀಫ್ ಕಟ್ಟುವುದು ಅಪಾಯ. ಕ್ಲೈಂಟಿಗೆ ತುಂಬ ನೋವಾದ ಘಟನೆ ವ್ಯಾಪಾರದಲ್ಲಿ ತುಂಬ ಸಣ್ಣದಾಗಿರಬಹುದು. ಹಾಗಾಗಿ ಎರಡನೇ ಹೆಜ್ಜೆ ಲೆಕ್ಕದ ಪುಸ್ತಕ.

ಮಗಳ ವಾಟ್ಸಾಪ್ ಪುಸ್ತಕದಲ್ಲಿ ಕಳೆದ 3 ತಿಂಗಳ ಹೊಸ ನಂಬರುಗಳನ್ನು ಎಣಿಸಿದೆವು, 310 ಸಿಕ್ಕವು. ಅದರಲ್ಲಿ ಎರಡನೇ ಸಲ ತರಿಸಿಕೊಂಡವರು 84. ಅಂದರೆ 226 ಮನೆಯವರು ಒಂದು ಬಾಟಲಿ ತೆಗೆದುಕೊಂಡು ಮತ್ತೆ ಬಂದಿರಲಿಲ್ಲ. ಇವರಲ್ಲಿ ಕೆಲವರ ಮನೆಯಲ್ಲಿ ಮೊದಲ ಬಾಟಲಿಯೇ ಇನ್ನೂ ಮುಗಿದಿರಲಿಕ್ಕಿಲ್ಲ, ಆದ್ದರಿಂದ ಕೊನೆಯ ತಿಂಗಳಲ್ಲಿ ಕೊಂಡವರನ್ನು ಬಿಟ್ಟು, ಹಳಬರಲ್ಲಿ 20 ನಂಬರು ಆರಿಸಿ ಮಗಳೇ ಫೋನ್ ಮಾಡಲಿ ಎಂದೆವು. ಏಜೆನ್ಸಿಯವರು ಮಾಡಿದರೆ ಜನ ಮಾರ್ಕೆಟಿಂಗ್ ಕಾಲ್ ಎಂದು ಇಟ್ಟುಬಿಡುತ್ತಾರೆ. ಅಂಗಡಿಯಿಂದ ಬಂದರೆ ಮಾತಾಡುತ್ತಾರೆ. ಕೇಳಬೇಕಾದದ್ದು ಒಂದೇ: “ನಮ್ಮ ಎಣ್ಣೆ ಹೇಗಿತ್ತು ಅಂತ ಕೇಳೋಣ ಅಂತ ಮಾಡ್ದೆ.” ಮಡ್ಡಿಯ ಸುದ್ದಿ ನಾವಾಗಿ ಎತ್ತಬಾರದು. ಎತ್ತಿದರೆ ಎಲ್ಲರೂ ಹೌದು ಹೌದು ಅನ್ನುತ್ತಾರೆ.

14 ಜನ ಫೋನ್ ಎತ್ತಿದರು. 9 ಜನ ತಾವಾಗಿಯೇ ತಳದ ಮಡ್ಡಿ ಅಥವಾ ಎಣ್ಣೆ ಕಪ್ಪಾಗುವುದನ್ನು ಹೇಳಿದರು. 3 ಜನ ಬೆಲೆ ಜಾಸ್ತಿ ಅಂದರು. ಇಬ್ಬರು ಮನೆ ಬದಲಿಸಿದ್ದರು. ಇಷ್ಟು ಚಿಕ್ಕ ಎಣಿಕೆಯಿಂದ ಶೇಕಡಾವಾರು ಲೆಕ್ಕ ಹಾಕಿ ಬ್ರೀಫಿನಲ್ಲಿ ಬರೆಯಬಾರದು. ಆದರೆ ಯಾವ ಕಡೆ ಹೋಗಬೇಕು ಎಂದು ನಿರ್ಧರಿಸಲು ಇದು ಸಾಕು.

ಈಗ ಆಡಿಯನ್ಸ್ ತಾನಾಗಿಯೇ ಕಂಡಿತು. ವಯಸ್ಸು, ಆದಾಯ, ಬಡಾವಣೆ ಯಾವುದೂ ಇಲ್ಲದೆ ಹೀಗೆ ಬರೆದೆವು: ಇಷ್ಟು ವರ್ಷ ರಿಫೈನ್ಡ್ ಎಣ್ಣೆ ಬಳಸುತ್ತಿದ್ದು, ಯಾರೋ ಹೇಳಿದರೆಂದು ಮೊದಲ ಸಲ ಗಾಣದ ಎಣ್ಣೆ ಮನೆಗೆ ತಂದವರು, ಬಾಟಲಿ ತಂದು ಎರಡು ವಾರ ಆಗಿದೆ, ತಳದಲ್ಲಿ ಏನೋ ನಿಂತಿದೆ, ಅನುಮಾನ ಶುರುವಾಗಿದೆ.

ಈ ಎರಡು ಸಾಲು ಓದಿದ ತಕ್ಷಣ ಬರೆಯುವವರಿಗೆ ಒಬ್ಬ ಮನುಷ್ಯ ಕಾಣುತ್ತಾನೆ. ಅಡುಗೆಮನೆಯ ಕಟ್ಟೆ ಕಾಣುತ್ತದೆ, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವ ಕೈ ಕಾಣುತ್ತದೆ. ಆಡಿಯನ್ಸ್ ಸಾಲು ಸರಿಯಾಗಿದೆಯೇ ಎಂದು ನೋಡಲು ನಾನು ಇದನ್ನೇ ಗುರುತಾಗಿ ಇಟ್ಟುಕೊಂಡಿದ್ದೇನೆ: ಓದಿದವರಿಗೆ ಆ ವ್ಯಕ್ತಿ ಎಲ್ಲಿ ನಿಂತಿದ್ದಾರೆ, ಕೈಯಲ್ಲಿ ಏನಿದೆ ಎಂದು ಹೇಳಲು ಬರಬೇಕು. ಬರದಿದ್ದರೆ ಸಾಲು ಇನ್ನೂ ಆಗಿಲ್ಲ.

ಇದರ ಕೆಳಗೇ ‘ಯಾರಿಗೆ ಅಲ್ಲ’ ಎಂಬ ಒಂದು ಸಾಲು ಸೇರಿಸಿ. ನಮ್ಮಲ್ಲಿ ಅದು ಹೀಗಿತ್ತು: ಗಾಣದ ಎಣ್ಣೆಯನ್ನು ಮೊದಲಿಂದ ಬಳಸುತ್ತಿರುವವರಿಗೆ ಅಲ್ಲ, ಇನ್ನೂ ಒಂದು ಬಾಟಲಿಯೂ ಕೊಳ್ಳದವರಿಗೂ ಅಲ್ಲ. ಕ್ಲೈಂಟಿನ ಒಪ್ಪಿಗೆ ನಿಜವೋ ಅಲ್ಲವೋ ಎಂದು ಗೊತ್ತಾಗುವುದು ಈ ಸಾಲಿನಲ್ಲಿ. ಆಡಿಯನ್ಸ್ ಸಾಲಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಯಾರನ್ನು ಬಿಡುತ್ತಿದ್ದೇವೆ ಎಂದು ಓದಿ ಹೇಳಿದಾಗ ಮಾತ್ರ, ‘ಅಯ್ಯೋ, ಅವರನ್ನ ಯಾಕೆ ಬಿಡ್ತೀರಾ’ ಎಂಬ ಮಾತು ಬರುತ್ತದೆ. ಆ ಜಗಳ ಬ್ರೀಫಿನ ಮೇಜಿನ ಮೇಲೇ ಆಗಿಬಿಡಬೇಕು, ಡಿಸೈನ್ ಮುಗಿದ ಮೇಲಲ್ಲ.

ಒಂದೇ ಮಾತು

ನನ್ನ ಮೊದಲ ಕರಡಿನಲ್ಲಿ ಹೇಳಬೇಕಾದ ಮಾತು ಹೀಗಿತ್ತು: ‘ನಮ್ಮ ಎಣ್ಣೆ ಶುದ್ಧ, ಸಾಂಪ್ರದಾಯಿಕ ಮತ್ತು ರುಚಿಕರ.’ ನಾನೇ ಬರೆದದ್ದು, ನಾನೇ ಹೊಡೆದುಹಾಕಿದೆ. ‘ಮತ್ತು’ ಇದೆ ಎಂದರೆ ಒಂದಕ್ಕಿಂತ ಹೆಚ್ಚು ಮಾತಿದೆ ಎಂದೇ ಅರ್ಥ. ಅದಕ್ಕಿಂತ ಮುಖ್ಯವಾದ ತೊಂದರೆ, ಈ ಸಾಲಿನಲ್ಲಿ ನಮ್ಮ ಹೆಸರು ತೆಗೆದು ಪಕ್ಕದ ಬೀದಿಯ ಗಾಣದವರ ಹೆಸರು ಹಾಕಿದರೂ ಅದು ಹಾಗೇ ನಿಲ್ಲುತ್ತದೆ. ತುಪ್ಪದವರ ಹೆಸರು ಹಾಕಿದರೂ ನಿಲ್ಲುತ್ತದೆ.

ಎರಡನೇ ಕರಡು: ‘ತಳದಲ್ಲಿ ಮಡ್ಡಿ ಇದ್ದರೆ ಎಣ್ಣೆ ಶುದ್ಧ.’ ಕೇಳಲು ಚೆನ್ನಾಗಿತ್ತು, ಅಕೌಂಟ್ಸ್ ಟೀಮಿನವರೆಲ್ಲ ಇದೇ ಇರಲಿ ಅಂದರು. ನಾನು ಒಪ್ಪಲಿಲ್ಲ, ಯಾಕೆಂದರೆ ಅದು ನಿಜವಲ್ಲ. ಸರಿಯಾಗಿ ಸೋಸದ ಕಲಬೆರಕೆ ಎಣ್ಣೆಯಲ್ಲೂ ಮಡ್ಡಿ ನಿಲ್ಲಬಹುದು. ಚೆನ್ನಾಗಿ ತಿಳಿಯಾದ ಒಳ್ಳೆಯ ಗಾಣದ ಎಣ್ಣೆಯಲ್ಲಿ ಕಾಣದೆಯೂ ಇರಬಹುದು. ಮಡ್ಡಿ ಶುದ್ಧತೆಗೆ ಸಾಕ್ಷಿಯಲ್ಲ. ಒಂದು ಮಾತನ್ನು ಹರಿತ ಮಾಡುವ ಭರದಲ್ಲಿ ಅದು ಸತ್ಯದ ಗೆರೆ ದಾಟುವುದು ಇಲ್ಲೇ, ಮತ್ತು ಬ್ರೀಫಿನಲ್ಲಿ ದಾಟಿದರೆ ಮುಂದೆ ಯಾರೂ ಹಿಂದಕ್ಕೆ ಎಳೆಯುವುದಿಲ್ಲ.

ಮೂರನೇ ಕರಡು ಉಳಿಯಿತು: ‘ತಳದಲ್ಲಿ ನಿಂತಿರುವುದು ಕಡಲೆಕಾಯಿಯ ಪುಡಿ.’

ಅಷ್ಟೆ. ಇದು ಚಂದದ ಸಾಲಲ್ಲ, ಚಂದವಾಗಿರಬೇಕಾಗಿಯೂ ಇಲ್ಲ. ಬ್ರೀಫಿನ ಮಾತು ಘೋಷಣೆಯ ಹಾಗೆ ಮಿಂಚುತ್ತಿದ್ದರೆ ಕಾಪಿರೈಟರ್ ಅದನ್ನೇ ಒರೆಸಿ ಪಾಲಿಶ್ ಮಾಡಿ ಕೊಡುತ್ತಾರೆ, ಹೊಸದೇನೂ ಹುಟ್ಟುವುದಿಲ್ಲ. ಮನೆಯಲ್ಲಿ ಅಜ್ಜಿ ಸೊಸೆಗೆ ಹೇಳುವಷ್ಟು ಸಾದಾ ಇರಲಿ. ಅನುಮಾನ ಇರುವವರಿಗೆ ಇದು ಉತ್ತರವಾಗುತ್ತದೆಯೇ? ಆಗುತ್ತದೆ. ಪರೀಕ್ಷಿಸಿ ನೋಡಬಹುದಾದ ಸತ್ಯವೇ? ಹೌದು. ತುಪ್ಪದವರು ಹೇಳಲು ಬರುತ್ತದೆಯೇ? ಬರುವುದಿಲ್ಲ.

ಮಾತಿನ ಕೆಳಗೆ ಆಧಾರ ಬರೆಯಿರಿ, ಅಂದರೆ ಓದುಗರು ಯಾಕೆ ನಂಬಬೇಕು ಎಂಬುದು. ಇಲ್ಲಿ ನಾಲ್ಕು ದಿನ ತಿಳಿಯಾಗಲು ಬಿಡುವುದು, ಬಟ್ಟೆಯಲ್ಲಿ ಸೋಸುವುದು, ಯಂತ್ರದ ಫಿಲ್ಟರ್ ಬಳಸದಿರುವುದು. ಜೊತೆಗೆ ಗಿರಾಕಿ ಏನು ಮಾಡಬೇಕು: ಬಾಟಲಿ ಅಲ್ಲಾಡಿಸದೆ ಮೇಲಿನ ಎಣ್ಣೆ ಬಗ್ಗಿಸಿಕೊಳ್ಳಬೇಕು. ಇವು ಬೇರೆ ಸಂದೇಶಗಳಲ್ಲ, ಅದೇ ಮಾತಿಗೆ ಊರುಗೋಲುಗಳು.

ಈ ಹಂತದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು. ಜಾಹೀರಾತೇ ಬೇಕೇ, ಇನ್ನೂ ನಾಲ್ಕು ದಿನ ಹೆಚ್ಚು ತಿಳಿಯಾಗಲು ಬಿಟ್ಟರೆ ಸಾಲದೇ? ಯಜಮಾನರನ್ನು ಕೇಳಿದೆ. ಡ್ರಮ್ಮುಗಳು ಇರುವುದೇ ಅಷ್ಟು, ದಿನ ಹೆಚ್ಚಿಸಿದರೆ ಹೊಸ ಎಣ್ಣೆ ಹಿಡಿಯಲು ಜಾಗ ಇರುವುದಿಲ್ಲ, ಮೇಲಾಗಿ ಪುಡಿ ಪೂರ್ತಿ ಹೋಗುವುದೂ ಇಲ್ಲ ಅಂದರು. ಹಾಗಾಗಿ ಹೇಳುವ ಕೆಲಸ ಉಳಿಯಿತು. ಬೇರೆ ಸಂದರ್ಭದಲ್ಲಿ ಈ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಅದನ್ನು ಕ್ಲೈಂಟಿಗೆ ನೇರವಾಗಿ ಹೇಳಿಬಿಡಿ.

ಮಿತಿಗಳು ಹೊರಬರುವುದು ಲೆಕ್ಕ ಹಾಕಿದಾಗ

‘ಬಜೆಟ್ ಎಷ್ಟು, ಯಾವಾಗ ಬೇಕು’ ಎಂದಷ್ಟೇ ಕೇಳಿದರೆ ಎರಡು ಮಿತಿ ಸಿಗುತ್ತದೆ, ಅವೂ ಅರ್ಧಂಬರ್ಧ.

ಈ ಕ್ಲೈಂಟ್ ಬಜೆಟ್ 6 ಲಕ್ಷ ಅಂದಿದ್ದರು. ಜಿಎಸ್‌ಟಿ ಸೇರಿಯೋ, ಬಿಟ್ಟೋ? ಜಾಹೀರಾತು ಸೇವೆಗೆ 18 ಪರ್ಸೆಂಟ್. ಸೇರಿ ಎಂದಾದರೆ ಕೆಲಸಕ್ಕೆ ಉಳಿಯುವುದು 5 ಲಕ್ಷದ 8 ಸಾವಿರ ಚಿಲ್ಲರೆ. ತೊಂಬತ್ತು ಸಾವಿರಕ್ಕೂ ಮಿಕ್ಕಿದ ಈ ವ್ಯತ್ಯಾಸ ಸಣ್ಣ ಕ್ಲೈಂಟ್ ಕೆಲಸದಲ್ಲಿ ಒಂದು ವಿಡಿಯೊ ಶೂಟಿಂಗಿನ ದುಡ್ಡು. ಅವರ ಉತ್ತರ, ಎಲ್ಲಾ ಸೇರಿ. ಮೀಡಿಯಾ ಖರ್ಚೂ ಸೇರಿ.

‘ಹಬ್ಬದೊಳಗೆ’ ಎಂಬ 9ನೆಯ ಸಾಲು ಇನ್ನೂ ಪಾಠ ಕಲಿಸಿತು. ನಮ್ಮ ಅಕೌಂಟ್ಸಿನ ಹುಡುಗ ಅದನ್ನು ದೀಪಾವಳಿ ಎಂದುಕೊಂಡಿದ್ದ, ಕರಿದ ತಿಂಡಿಯ ಹಬ್ಬ, ಎಣ್ಣೆಗೆ ಸರಿಯಾಗಿದೆ. ಯಜಮಾನರ ಮನಸ್ಸಿನಲ್ಲಿ ಇದ್ದದ್ದು ಕಡಲೆಕಾಯಿ ಪರಿಷೆ. ಬಸವನಗುಡಿಯವರಿಗೆ, ಅದರಲ್ಲೂ ಕಡಲೆಕಾಯಿ ವ್ಯಾಪಾರದವರಿಗೆ, ಹಬ್ಬ ಎಂದರೆ ಅದೇ. ಪರಿಷೆ ಕಾರ್ತಿಕದ ಕಡೇ ಸೋಮವಾರ, ಅಂದರೆ ದೀಪಾವಳಿಯಿಂದ ಸುಮಾರು ನಾಲ್ಕು ವಾರ ಆಚೆ. ಒಂದು ಪದವನ್ನು ಬಿಡಿಸಿ ಕೇಳಿದ್ದಕ್ಕೆ ಒಂದು ತಿಂಗಳು ಸಿಕ್ಕಿತು. ಅಂದಿನಿಂದ ಬ್ರೀಫಿನಲ್ಲಿ ಹಬ್ಬ, ಸೀಸನ್, ತಿಂಗಳ ಕೊನೆ ಎಂದೇನಾದರೂ ಕಂಡರೆ ತಾರೀಖು ಬರೆಸಿಕೊಳ್ಳುತ್ತೇನೆ.

ಆದರೆ ಇಲ್ಲಿನ ದೊಡ್ಡ ಮಿತಿ ಬ್ರೀಫಿನಲ್ಲೂ ಇರಲಿಲ್ಲ, ಅವರ ಬಾಯಲ್ಲೂ ಬರಲಿಲ್ಲ. ಮಾರಾಟ ಇದ್ದಕ್ಕಿದ್ದಂತೆ ಹೆಚ್ಚಿದರೆ ಎಣ್ಣೆ ಎಲ್ಲಿಂದ ಬರುತ್ತದೆ? ಅವರದ್ದು ನೆಲಮಂಗಲದ ಕಡೆ ಎರಡು ಗಾಣ. ಒಂದು ಸಲಕ್ಕೆ 15 ಕೆಜಿ ಬೀಜ, ಹೆಚ್ಚುಕಡಿಮೆ ಒಂದು ಗಂಟೆ. ದಿನಕ್ಕೆ ಎಂಟು ಸಲ ಎಂದರೆ ಎರಡೂ ಗಾಣ ಸೇರಿ 240 ಕೆಜಿ. ಒಂದು ಲೀಟರಿಗೆ ಎರಡೂವರೆ ಕೆಜಿ ಬೀಜ ಹಿಡಿದರೆ ದಿನಕ್ಕೆ 96 ಲೀಟರ್, ತಿಂಗಳಿಗೆ 26 ದಿನ ಓಡಿದರೆ ಸುಮಾರು 2,500 ಲೀಟರ್. ಆಗಲೇ ಅವರು ತಿಂಗಳಿಗೆ 1,700 ಲೀಟರ್ ಮಾರುತ್ತಿದ್ದರು.

ಉಳಿದದ್ದು 800 ಲೀಟರ್. ಒಂದು ಮನೆಗೆ ತಿಂಗಳಿಗೆ 2 ಲೀಟರ್ ಎಂದುಕೊಂಡರೆ 400 ಮನೆ. ಇಡೀ ಪ್ರಚಾರದಿಂದ ಅವರು ತಡೆದುಕೊಳ್ಳಬಲ್ಲ ಹೊಸ ವ್ಯಾಪಾರ ಇಷ್ಟೆ.

ಈ ಲೆಕ್ಕವನ್ನು ಅಂಗಡಿಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸಿದೆ. 5ನೆಯ ಸಾಲಿನ ವೈರಲ್ ಅಲ್ಲೇ ಬಿದ್ದುಹೋಯಿತು. ಬೇಡ ಎಂದು ನಾನು ಹೇಳಬೇಕಾಗಲಿಲ್ಲ, ಯಜಮಾನರೇ ಹೇಳಿದರು: “ಸಾವಿರ ಜನ ಬಂದ್ರೆ ಎಣ್ಣೆ ಇಲ್ಲ ಅಂತ ಕಳಿಸ್ಬೇಕಾಗುತ್ತೆ. ಅದು ಇನ್ನೂ ಅವಮಾನ.” ಮಿತಿಯನ್ನು ಅಂಕಿಯಲ್ಲಿ ತೋರಿಸಿದರೆ ಬಯಕೆಯೊಂದಿಗೆ ಜಗಳ ಆಡಬೇಕಾಗುವುದಿಲ್ಲ. ಇದೇ ಲೆಕ್ಕ ನಮ್ಮ ಆಡಿಯನ್ಸ್ ಆಯ್ಕೆಯನ್ನೂ ಗಟ್ಟಿ ಮಾಡಿತು. ಮರಳಿ ಬಾರದ 226 ಮನೆಗಳಲ್ಲಿ ಅರ್ಧದಷ್ಟು ಉಳಿದುಕೊಂಡಿದ್ದರೂ ತಿಂಗಳಿಗೆ ಇನ್ನೂರು ಲೀಟರಿಗೂ ಹೆಚ್ಚು ಹೋಗುತ್ತಿತ್ತು, ಹೊಸ ಗಿರಾಕಿಯನ್ನು ಹುಡುಕುವ ಖರ್ಚೇ ಇಲ್ಲದೆ.

ಕಾನೂನಿನ ಮಿತಿ 4ನೆಯ ಸಾಲಿನಲ್ಲಿತ್ತು. ಅಡುಗೆ ಎಣ್ಣೆಯ ವಿಷಯದಲ್ಲಿ ‘ಆಂಟಿ ಕೊಲೆಸ್ಟ್ರಾಲ್’, ‘ಹೃದಯಕ್ಕೆ ಹಿತ’ ಎಂಬಂಥ ಉತ್ಪ್ರೇಕ್ಷೆಯ ಮಾತುಗಳನ್ನು ಆಹಾರ ಸುರಕ್ಷತೆಯ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2011ರ ಪ್ಯಾಕಿಂಗ್ ಮತ್ತು ಲೇಬಲ್ ನಿಯಮಗಳೇ ತಡೆದಿದ್ದವು. ಜಾಹೀರಾತು ಮತ್ತು ಕ್ಲೇಮುಗಳಿಗೆಂದೇ 2018ರ ನಿಯಮಗಳಿವೆ. ಆರೋಗ್ಯದ ಕ್ಲೇಮು ಮಾಡುವವರು ವೈಜ್ಞಾನಿಕ ಆಧಾರ ಇಟ್ಟುಕೊಂಡಿರಬೇಕು. ಇವರ ಬಳಿ ಅಂಥದ್ದೇನೂ ಇರಲಿಲ್ಲ. ಇದನ್ನು ‘ಕಾನೂನು ಪಾಲಿಸಬೇಕು’ ಎಂದು ಬರೆದರೆ ಬರೆಯುವವರಿಗೆ ಉಪಯೋಗವಿಲ್ಲ. ‘ಹೃದಯ, ಕೊಲೆಸ್ಟ್ರಾಲ್, ಶುಗರ್ ಎಂಬ ಪದಗಳು ಎಲ್ಲೂ ಬರಬಾರದು’ ಎಂದು ಬರೆಯಿರಿ. ಮಿತಿ ಎಂದರೆ ಕೈಯಿಂದ ಮುಟ್ಟಿ ನೋಡುವ ಹಾಗಿರಬೇಕು.

8ನೆಯ ಸಾಲು, ಎರಡು ಭಾಷೆ. ಬೆಂಗಳೂರಿನ ಎಷ್ಟೋ ಏಜೆನ್ಸಿಗಳಲ್ಲಿ ಬರೆಯುವುದು ಇಂಗ್ಲಿಷಿನಲ್ಲಿ, ಕಡೇ ದಿನ ಸಂಜೆ ‘ಕನ್ನಡ ಅಡಾಪ್ಟ್’ ಎಂದು ಕಳಿಸುವುದು. ಆಗ ಕನ್ನಡಕ್ಕೆ ಸಿಗುವುದು ಇಂಗ್ಲಿಷ್ ಸಾಲು ಬಿಟ್ಟುಕೊಟ್ಟ ಜಾಗ ಮಾತ್ರ. ನನಗೆ ಇದು ನಿಜವಾಗಿ ನೋವಿನ ವಿಷಯ. ‘ಮಡ್ಡಿ’ ಎಂಬ ಪದದಲ್ಲಿ ಆ ಗಿರಾಕಿಯ ಅನುಮಾನವೆಲ್ಲ ಇದೆ, ‘ಸೆಡಿಮೆಂಟ್’ನಲ್ಲಿ ಅದು ಇಲ್ಲ. ಆದ್ದರಿಂದ ‘ಮೊದಲು ಕನ್ನಡದಲ್ಲಿ ಬರೆಯುವುದು, ಇಂಗ್ಲಿಷ್ ಅದನ್ನು ಅನುಸರಿಸುವುದು’ ಎಂದು ಮಿತಿಯ ಪಟ್ಟಿಯಲ್ಲೇ ಹಾಕಿದೆ.

ತಿದ್ದಿದ ಬ್ರೀಫ್

ಯಾರಿಗೆ: ರಿಫೈನ್ಡ್ ಎಣ್ಣೆಯಿಂದ ಬಂದು, ಮೊದಲ ಬಾಟಲಿ ಕೊಂಡು ಎರಡು ವಾರ ಆದವರು. ತಳದಲ್ಲಿ ಮಡ್ಡಿ ಕಂಡಿದ್ದಾರೆ, ಅನುಮಾನ ಬಂದಿದೆ.

ಯಾರಿಗೆ ಅಲ್ಲ: ಗಾಣದೆಣ್ಣೆಯ ಹಳೇ ಗಿರಾಕಿಗಳು, ಇನ್ನೂ ಕೊಳ್ಳದವರು.

ಈಗ ಅವರ ಮನಸ್ಸಿನಲ್ಲಿ: ಇಷ್ಟು ದುಡ್ಡು ಕೊಟ್ಟು ತಂದದ್ದು, ಏನೋ ಬೆರೆಸಿದ್ದಾರೆ.

ಹೇಳಬೇಕಾದ ಒಂದೇ ಮಾತು: ತಳದಲ್ಲಿ ನಿಂತಿರುವುದು ಕಡಲೆಕಾಯಿಯ ಪುಡಿ.

ಆಧಾರ: ನಾಲ್ಕು ದಿನ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸುತ್ತಾರೆ. ಯಂತ್ರದ ಫಿಲ್ಟರ್ ಇಲ್ಲ.

ಅವರು ಮಾಡಬೇಕಾದದ್ದು: ಅಲ್ಲಾಡಿಸದೆ ಮೇಲಿನ ಎಣ್ಣೆ ಬಳಸುವುದು, ಎರಡನೇ ಬಾಟಲಿ ತರಿಸುವುದು.

ಮಿತಿ: ಎಲ್ಲ ಸೇರಿ 6 ಲಕ್ಷ, ಜಿಎಸ್‌ಟಿ ಒಳಗೊಂಡು. ಕಡಲೆಕಾಯಿ ಪರಿಷೆಗೆ ಎರಡು ವಾರ ಮೊದಲು ಅಂಗಡಿಯಲ್ಲಿರಬೇಕು. ಹೆಚ್ಚುವರಿ ಎಣ್ಣೆ ತಿಂಗಳಿಗೆ 800 ಲೀಟರ್ ಮಾತ್ರ. ಹೃದಯ, ಕೊಲೆಸ್ಟ್ರಾಲ್, ಶುಗರ್ ಬರಬಾರದು. ಮಡ್ಡಿ ಇದ್ದರೆ ಶುದ್ಧ ಎಂಬ ಅರ್ಥ ಬರಬಾರದು. ರಿಫೈನ್ಡ್ ಎಣ್ಣೆಯನ್ನು ಹಳಿಯಬಾರದು. ಮೊದಲು ಕನ್ನಡ.

ಯಶಸ್ಸು ಅಳೆಯುವುದು: ಮೂರು ತಿಂಗಳ ಹೊಸ ನಂಬರುಗಳಲ್ಲಿ ಎರಡನೇ ಸಲ ತರಿಸಿದವರು ಎಷ್ಟು. ಈಗ 310ಕ್ಕೆ 84.

ಒಂದು ಪುಟ ತುಂಬಲಿಲ್ಲ. ಎರಡನೇ ಪುಟದಲ್ಲಿ ‘ಈ ಸಲಕ್ಕಲ್ಲ’ ಎಂಬ ತಲೆಬರಹದಡಿ ಉಳಿದ ಬಯಕೆಗಳನ್ನು ಕಾರಣದೊಂದಿಗೆ ಬರೆದೆ. ಯುವಜನರು: ಮೂರನೇ ಗಾಣ ಬಂದ ಮೇಲೆ. ಪ್ರೀಮಿಯಂ: ಗಿಫ್ಟ್ ಪ್ಯಾಕ್ ಮಾಡುವುದಾದರೆ ಆಗ. ಹೃದಯ: ಆಧಾರ ಸಿಗುವವರೆಗೆ ಇಲ್ಲ. ಈ ಪುಟ ಬಿಡಬೇಡಿ. ತಾನು ಬರೆದ ಸಾಲು ಎಲ್ಲಿ ಹೋಯಿತು ಎಂದು ಕ್ಲೈಂಟ್ ಹುಡುಕಿಯೇ ಹುಡುಕುತ್ತಾರೆ, ಸಿಗದಿದ್ದರೆ ಅದು ಡಿಸೈನ್ ನೋಡುವ ದಿನ ವಾಪಸ್ ಬರುತ್ತದೆ.

ಕ್ಲೈಂಟಿಗೆ ಕಳಿಸುವಾಗ ಖಾಲಿ ಪ್ರಶ್ನೆಗಳ ಫಾರಂ ಕಳಿಸಬೇಡಿ, ತುಂಬಿದ ಕರಡನ್ನೇ ಕಳಿಸಿ. ಖಾಲಿ ಜಾಗ ತುಂಬಲು ಜನ ವಾರಗಟ್ಟಲೆ ತೆಗೆದುಕೊಳ್ಳುತ್ತಾರೆ. ತಪ್ಪು ಸಾಲು ಕಂಡರೆ ಅರ್ಧ ಗಂಟೆಯಲ್ಲಿ ‘ಇದು ಹಾಗಲ್ಲ’ ಎಂದು ಫೋನ್ ಬರುತ್ತದೆ. ನಿಮಗೆ ಖಚಿತವಿಲ್ಲದ ಸಾಲಿನ ಪಕ್ಕದಲ್ಲಿ ‘ಊಹೆ’ ಎಂದು ಬರೆದಿರಲಿ. ಮನೆಗೆ 2 ಲೀಟರ್ ಎಂಬುದು ನಮ್ಮ ಕರಡಿನಲ್ಲಿ ಊಹೆ ಎಂದೇ ಇತ್ತು. ಮಗಳು ಪುಸ್ತಕ ನೋಡಿ, ಹಳೇ ಗಿರಾಕಿಗಳ ಮಟ್ಟಿಗೆ ಸರಿ ಇದೆ ಎಂದ ಮೇಲೆ ಆ ಪದ ತೆಗೆದೆವು. ಹೊಚ್ಚಹೊಸ ಉತ್ಪನ್ನವಾದರೆ ಪುಸ್ತಕವೇ ಇರುವುದಿಲ್ಲ, ಕರಡಿನ ತುಂಬ ಊಹೆಗಳೇ ಆಗುತ್ತವೆ. ಹಾಗಾದರೆ ತಿದ್ದುವುದನ್ನು ನಿಲ್ಲಿಸಿ, ಮೊದಲು ಹತ್ತು ಮನೆಗೆ ಹೋಗಿ ಬರುವುದೇ ದಾರಿ.

ಕೆಲಸ ಶುರುವಾಗುವ ಮೊದಲು ಒಂದು ಪರೀಕ್ಷೆ ಬಾಕಿ. ಬ್ರೀಫನ್ನು ಇಬ್ಬರಿಗೆ ಬೇರೆ ಬೇರೆಯಾಗಿ ಕೊಟ್ಟು, ಮರುದಿನ ಅವರ ಮೊದಲ ಯೋಚನೆಗಳನ್ನು ಕೇಳಿ. ಇಬ್ಬರೂ ಬೇರೆ ಬೇರೆ ವ್ಯಕ್ತಿಯೊಂದಿಗೆ ಮಾತಾಡುತ್ತಿದ್ದರೆ ಆಡಿಯನ್ಸ್ ಸಾಲು ಇನ್ನೂ ಸಡಿಲವಾಗಿದೆ. ಇಬ್ಬರದ್ದೂ ಒಂದೇ ಸಾಲು, ಒಂದೇ ಚಿತ್ರ ಆಗಿದ್ದರೆ ಬ್ರೀಫ್ ಅತಿ ಬಿಗಿಯಾಗಿದೆ, ಅದರೊಳಗೆ ನೀವೇ ಜಾಹೀರಾತು ಬರೆದುಬಿಟ್ಟಿದ್ದೀರಿ. ವ್ಯಕ್ತಿ ಒಬ್ಬರೇ ಇದ್ದು ಮಾತಾಡಿಸುವ ರೀತಿ ಎರಡಾದರೆ ಸರಿ.

ನಮ್ಮಲ್ಲಿ ಆರ್ಟ್ ಡೈರೆಕ್ಟರ್ ಅಂಗಡಿಯ ಪೋಸ್ಟರ್ ಯೋಚಿಸಿಕೊಂಡು ಬಂದರು: ಬೆಳಕಿಗೆ ಹಿಡಿದ ಬಾಟಲಿ. ಕಾಪಿರೈಟರ್ ಹುಡುಗಿ ಬಂದು ಒಂದು ಪ್ರಶ್ನೆ ಕೇಳಿದಳು, “ಅನುಮಾನ ಬರೋದು ಅಡುಗೆಮನೇಲಿ ಅಲ್ವಾ ಸರ್, ಅಂಗಡಿ ಪೋಸ್ಟರ್ ಅಲ್ಲಿ ಯಾರ್ ನೋಡ್ತಾರೆ?” ಅವಳ ಯೋಚನೆ ಬಾಟಲಿಯ ಕೊರಳಿಗೆ ಕಟ್ಟುವ ಒಂದು ಚೀಟಿ, ಇಪ್ಪತ್ತೈದು ಪದ ಮೀರದ್ದು. ಅದನ್ನೇ ಮಾಡಿದೆವು. ಅದರ ಜೊತೆಗೆ, ಆರ್ಡರ್ ಹೋಗಿ ಹತ್ತನೇ ದಿನಕ್ಕೆ ಮಗಳ ವಾಟ್ಸಾಪಿನಿಂದ ಹೋಗುವ ಮೂವತ್ತು ಸೆಕೆಂಡಿನ ವಿಡಿಯೊ. ಅದರಲ್ಲಿ ಯಜಮಾನರೇ ಬಾಟಲಿ ಹಿಡಿದು, ತಳದ ಪುಡಿಯನ್ನು ಚಮಚದಲ್ಲಿ ತೆಗೆದು ತೋರಿಸುತ್ತಾರೆ. 6 ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಾಗಲಿಲ್ಲ. ಉಳಿದದ್ದರಲ್ಲಿ ಅವರು ಎರಡು ಡ್ರಮ್ಮು ಕೊಂಡರು.